ಲೋನ್ ಮುಗೀತು, ಮನೆ ಪತ್ರ ಎಲ್ಲಿ?

ನಮ್ಮಲ್ಲಿ ಬಹಳ ಜನರ ಮನೆ ಲೋನ್ ಮೇಲೇ ನಿಂತಿದೆ. ಬೀದರ್ ಸಿಟಿಯಲ್ಲಿ ಪ್ಲಾಟ್ ತಗೊಂಡು ಕಟ್ಟಿಸಿದವರು, ಭಾಲ್ಕಿಯಲ್ಲಿ ಹಳೆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದವರು, ಔರಾದ್‌ನಲ್ಲಿ ಮೇಲೊಂದು ಮಹಡಿ ಎಬ್ಬಿಸಿದವರು, ಎಲ್ಲರ ಮನೆಯಲ್ಲೂ ಪ್ರತಿ ತಿಂಗಳು ಇಎಂಐ ಮಾತು ಇದ್ದೇ ಇರ್ತದೆ. ಆಮೇಲೆ ಒಂದಿನ ಅಪ್ಪನ ರಿಟೈರ್‌ಮೆಂಟ್ ದುಡ್ಡು ಬರ್ತದೆ, ಇಲ್ಲಾ ಹೊಲ ಮಾರಿದ್ದು ಬರ್ತದೆ. "ಇನ್ನಾ ಎಂಟು ವರ್ಷ ಯಾಕ ಬಡ್ಡಿ ಕಟ್ಟೋದು, ಒಂದೇ ಸಲ ಮುಗಿಸಿಬಿಡೋಣ" ಅಂತ ಮನೆಯವರು ತೀರ್ಮಾನ ಮಾಡ್ತಾರೆ. ಆಗ ಬ್ಯಾಂಕಿಗೆ ಓಡಾಡೋ ಕೆಲಸ ಸಾಮಾನ್ಯವಾಗಿ ನಮ್ಮ ತಲೆಗೇ ಬರ್ತದೆ. "ನೀ ಇಂಜಿನಿಯರಿಂಗ್ ಓದ್ತಿ, ಇಂಗ್ಲಿಷ್ ಬರ್ತದಲ್ಲ, ನೀನೇ ಹೋಗಿ ಮಾತಾಡು" ಅಂತ.

ಈ ಲೇಖನ ಆ ಓಡಾಟದ ಬಗ್ಗೆ. ಹೆಸರು ಹೇಳದೆ ನಮ್ಮ ಗೆಳೆಯನೊಬ್ಬನ ಮನೆಯ ಕೇಸ್ ಇಟ್ಕೊಂಡು ಹೇಳ್ತೇವೆ. ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನ ಸ್ವಲ್ಪ ಬದಲಿಸಿದ್ದೇವೆ. ಅವರ ಮನೆ ಭಾಲ್ಕಿಯಲ್ಲಿ, ಲೋನ್ ಕೊಟ್ಟ ಬ್ರ್ಯಾಂಚ್ ಬೀದರ್‌ನಲ್ಲಿ, ಮನೆಯ ಒರಿಜಿನಲ್ ಪತ್ರಗಳು ಇದ್ದದ್ದು ಇನ್ನೊಂದು ಊರಿನ ಸ್ಟೋರೇಜ್‌ನಲ್ಲಿ. ತಂದೆ 2025ರ ಮೇ ಕೊನೆಗೆ ರಿಟೈರ್ ಆದ್ರು. ಅಕ್ಕನ ಎಂಎಸ್‌ಗೆ ಎಜುಕೇಶನ್ ಲೋನ್ ಬೇಕಿತ್ತು, ಅದಕ್ಕೆ ಅದೇ ಮನೆಯನ್ನ ಅಡವು ಕೊಡಬೇಕಿತ್ತು. ಅಂದ್ರೆ ಹಳೆ ಲೋನ್ ಬರೀ ಮುಗಿದ್ರೆ ಸಾಲದು, ಮುಗಿದಿದೆ ಅಂತ ಎಲ್ಲ ಕಡೆ ಕಾಣಬೇಕಿತ್ತು.

ಮೊದಲು ಒಂದು ಶಬ್ದದ ಗೊಂದಲ. ಇಂಗ್ಲಿಷ್ ಸಿನಿಮಾಗಳಲ್ಲಿ ಫೋರ್‌ಕ್ಲೋಸರ್ ಅಂದ್ರೆ ಬ್ಯಾಂಕಿನವರು ಬಂದು ಮನೆ ಜಪ್ತಿ ಮಾಡೋದು. ನಮ್ಮ ಬ್ಯಾಂಕುಗಳಲ್ಲಿ ಅದೇ ಶಬ್ದಕ್ಕೆ ಸಾಲಗಾರ ತಾನೇ ಅವಧಿಗೆ ಮುಂಚೆ ಪೂರ್ತಿ ಕಟ್ಟಿ ಖಾತೆ ಮುಚ್ಚೋದು ಅನ್ನೋ ಅರ್ಥ. ಹಾಗಾಗಿ ಕೌಂಟರ್‌ನಲ್ಲಿ "ಫೋರ್‌ಕ್ಲೋಸರ್ ಸ್ಟೇಟ್‌ಮೆಂಟ್ ಬೇಕು" ಅಂದ್ರೆ ಯಾರೂ ಗಾಬರಿ ಆಗೋದಿಲ್ಲ. ಮನೆಯಲ್ಲಿ ಅಜ್ಜಿ ಆಗಬಹುದು.

ಈ ಸ್ಟೇಟ್‌ಮೆಂಟ್ ಯಾಕೆ ಬೇಕು? ಮೊಬೈಲ್ ಆ್ಯಪ್‌ನಲ್ಲಿ ಬಾಕಿ ಎಷ್ಟು ಅಂತ ಕಾಣ್ತದಲ್ಲ, ಅಷ್ಟು ಹಾಕಿದ್ರೆ ಆಯ್ತಲ್ಲ ಅಂತ ಅನಿಸ್ತದೆ. ಆಗೋದಿಲ್ಲ. ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಾಣೋದು ಅಸಲಿನ ಬಾಕಿ. ಹಿಂದಿನ ಇಎಂಐ ಕಟ್ಟಿದ ದಿನದಿಂದ ಇವತ್ತಿನವರೆಗೆ ದಿನ ಲೆಕ್ಕದಲ್ಲಿ ಬಡ್ಡಿ ಸೇರ್ತಾ ಇರ್ತದೆ. ಯಾವಾಗಲೋ ಇಎಂಐ ಬೌನ್ಸ್ ಆಗಿದ್ರೆ ಅದರ ಚಾರ್ಜೂ ಒಂದು ಮೂಲೆಯಲ್ಲಿ ಕೂತಿರ್ತದೆ. ಫೋರ್‌ಕ್ಲೋಸರ್ ಸ್ಟೇಟ್‌ಮೆಂಟ್ ಅನ್ನೋದು ಇವನ್ನೆಲ್ಲ ಸೇರಿಸಿ "ಇಂಥ ತಾರೀಖಿಗೆ ಇಷ್ಟು ಕಟ್ಟಿದ್ರೆ ಖಾತೆ ಸೊನ್ನೆ" ಅಂತ ಬ್ಯಾಂಕ್ ಬರೆದುಕೊಡೋ ಕಾಗದ. ಇದರಲ್ಲಿ ಮೊತ್ತಕ್ಕಿಂತ ಮೊದಲು ತಾರೀಖು ನೋಡಬೇಕು.

ಗೆಳೆಯನ ಮನೆಯ ಲೆಕ್ಕ ನೋಡ್ರಿ. ಜೂನ್ 5ರ ಇಎಂಐ ಹೋದ ಮೇಲೆ ಅಸಲು ₹6,42,000 ಉಳಿದಿತ್ತು. ಬಡ್ಡಿ ಫ್ಲೋಟಿಂಗ್, ಆಗ ಶೇಕಡಾ 8.75. ಸ್ಟೇಟ್‌ಮೆಂಟ್ ಜೂನ್ 20ರವರೆಗೆ ಚಾಲ್ತಿ ಇತ್ತು, ಅಂದ್ರೆ 15 ದಿನದ ಬಡ್ಡಿ.

```
642000 × 8.75 / (100 × 365) = 153.90
153.90 × 15 ≈ 2309
642000 + 2309 = 644309
```

ಒಂದು ದಿನಕ್ಕೆ ಸುಮಾರು ₹154. ಸ್ಟೇಟ್‌ಮೆಂಟಿನಲ್ಲಿ ಬಂದ ಮೊತ್ತವೂ ₹6,44,309. ಇಷ್ಟು ಲೆಕ್ಕ ನಾವೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿಕೊಂಡು ಹೋದ್ರೆ ಒಳ್ಳೇದು. ಬ್ಯಾಂಕಿನ ಮೊತ್ತ ನಮ್ಮದಕ್ಕಿಂತ ಐದೋ ಹತ್ತೋ ರೂಪಾಯಿ ಹೆಚ್ಚುಕಮ್ಮಿ ಆದ್ರೆ ಚಿಂತೆ ಇಲ್ಲ. ಸಾವಿರಗಟ್ಟಲೆ ವ್ಯತ್ಯಾಸ ಬಂದ್ರೆ ಬೇರೆ ಏನೋ ಸೇರಿದೆ ಅಂತ ಅರ್ಥ, ಸಾಲು ಸಾಲಾಗಿ ಬಿಡಿಸಿ ತೋರಿಸಿ ಅಂತ ಕೇಳಬೇಕು.

ಹೀಗೆ ಸೇರೋ ಸಾಲುಗಳಲ್ಲಿ ಮುಖ್ಯವಾದದ್ದು ಪ್ರೀಪೇಮೆಂಟ್ ಚಾರ್ಜ್, ಅಂದ್ರೆ ಬೇಗ ಕಟ್ಟಿದ್ದಕ್ಕೆ ದಂಡ. ಇದರ ಬಗ್ಗೆ ನಮ್ಮ ಊರುಗಳಲ್ಲಿ ಇನ್ನೂ ಹೆದರಿಕೆ ಇದೆ, "ಎರಡು ಪರ್ಸೆಂಟ್ ಕಟ್ ಮಾಡ್ತಾರಂತ" ಅಂತ ಹೇಳ್ತಾರೆ. ಫ್ಲೋಟಿಂಗ್ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕುಗಳು ಈ ಚಾರ್ಜ್ ಹಾಕಬಾರದು ಅಂತ ಆರ್‌ಬಿಐ 2012ರ ಜೂನ್‌ನಲ್ಲೇ ಹೇಳಿದೆ. ದುಡ್ಡು ಎಲ್ಲಿಂದ ಬಂತು ಅನ್ನೋದನ್ನ ನೆಪ ಮಾಡಿಕೊಂಡೂ ಹಾಕೋ ಹಾಗಿಲ್ಲ. ಸ್ಟೇಟ್‌ಮೆಂಟಿನ ಆ ಸಾಲಿನಲ್ಲಿ ಸೊನ್ನೆ ಇರಬೇಕು. ಆದ್ರೆ ಲೋನ್ ಫಿಕ್ಸೆಡ್ ಬಡ್ಡಿಯದ್ದಾಗಿದ್ರೆ ಚಾರ್ಜ್ ಇರಬಹುದು, ಅದು ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದಿರ್ತದೆ. ಅದಕ್ಕೇ ಬ್ಯಾಂಕಿಗೆ ಹೋಗೋ ಮುಂಚೆ ಮನೆಯ ಟ್ರಂಕಿನಿಂದ ಸ್ಯಾಂಕ್ಷನ್ ಲೆಟರ್ ಹುಡುಕಿ ತೆಗೀಬೇಕು. ಅದರ ಜೊತೆಗೇ ಇನ್ನೊಂದು ಕಾಗದ ಇರ್ತದೆ, ಲೋನ್ ಕೊಡುವಾಗ ಬ್ಯಾಂಕ್ ತಗೊಂಡ ಒರಿಜಿನಲ್ ದಾಖಲೆಗಳ ಪಟ್ಟಿ. ಅದನ್ನೂ ತೆಗೆದಿಟ್ಟುಕೊಳ್ಳಿ, ಅದರ ಕೆಲಸ ಮುಂದೆ ಬರ್ತದೆ.

ಕೋರಿಕೆಯನ್ನ ಬಾಯಲ್ಲಿ ಹೇಳಿ ಬರೋದಕ್ಕಿಂತ ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳೋದು ಒಳ್ಳೇದು. ಕನ್ನಡದಲ್ಲೇ ಬರೀಬಹುದು. ಗೆಳೆಯನ ಮನೆಯವರು ಕೊಟ್ಟ ಪತ್ರ ಹೆಚ್ಚೂಕಡಿಮೆ ಹೀಗಿತ್ತು:

"ವಿಷಯ: ಗೃಹಸಾಲ ಖಾತೆಯನ್ನು ಅವಧಿಗೆ ಮುನ್ನ ಮುಕ್ತಾಯಗೊಳಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ಸಂಖ್ಯೆಯ ನಮ್ಮ ಸಾಲವನ್ನು ದಿನಾಂಕ 20-06-2025ರೊಳಗೆ ಪೂರ್ತಿ ಪಾವತಿಸಲು ಇಚ್ಛಿಸಿದ್ದೇವೆ. ಆ ದಿನಾಂಕದವರೆಗಿನ ಅಸಲು, ಬಡ್ಡಿ, ದಿನವೊಂದರ ಬಡ್ಡಿ ಹಾಗೂ ಇತರೆ ಶುಲ್ಕಗಳನ್ನು ಪ್ರತ್ಯೇಕವಾಗಿ ತೋರಿಸಿ ಫೋರ್‌ಕ್ಲೋಸರ್ ಸ್ಟೇಟ್‌ಮೆಂಟ್ ನೀಡಬೇಕಾಗಿ ವಿನಂತಿ. ತಮ್ಮ ವಶದಲ್ಲಿರುವ ನಮ್ಮ ಮೂಲ ದಾಖಲೆಗಳ ಪಟ್ಟಿಯನ್ನೂ ನೀಡಬೇಕು. ದಾಖಲೆಗಳನ್ನು ಬೀದರ್ ಶಾಖೆಯಲ್ಲೇ ಪಡೆಯಲು ಇಚ್ಛಿಸುತ್ತೇವೆ."

ಕೆಳಗೆ ತಂದೆ, ತಾಯಿ ಇಬ್ಬರ ಸಹಿ. ಲೋನ್ ಇಬ್ಬರ ಹೆಸರಲ್ಲಿದ್ರೆ ಇಬ್ಬರೂ ಸಹಿ ಹಾಕಬೇಕು. ಭಾಲ್ಕಿಯಿಂದ ಬೀದರ್‌ಗೆ ಬಂದು "ಅಮ್ಮನ ಸೈನ್ ಇಲ್ಲ" ಅಂತ ವಾಪಸ್ ಹೋಗೋದು ದಂಡದ ಕೆಲಸ.

ಯಾವಾಗ ಕೇಳಬೇಕು ಅನ್ನೋದಕ್ಕೂ ಲೆಕ್ಕ ಇದೆ. ಇಎಂಐ ಹೋದ ಮೇಲಿನ ಮೊದಲ ಎರಡು ವಾರ ಒಳ್ಳೆ ಸಮಯ. ಇಎಂಐ ತಾರೀಖು ಹತ್ತಿರ ಬಂದಾಗ ಮುಚ್ಚಲು ಹೋದ್ರೆ, ಅಕೌಂಟಿನಿಂದ ದುಡ್ಡು ತೆಗೆಯೋ ಆದೇಶ ಅದಾಗಲೇ ಹೊರಟಿರ್ತದೆ. ಖಾತೆ ಮುಚ್ಚಿದ ಮೇಲೂ ಇಎಂಐ ಕಟ್ ಆಗಿ, ಅದು ವಾಪಸ್ ಬರೋದನ್ನ ಕಾಯಬೇಕಾಗ್ತದೆ.

ಗೆಳೆಯನ ಮನೆಯಲ್ಲಿ ಎಡವಟ್ಟು ಆದದ್ದು ಇಲ್ಲೇ, ತಾರೀಖಿನ ವಿಷಯದಲ್ಲಿ. ಗ್ರಾಚ್ಯುಟಿ ದುಡ್ಡು ಬಂದದ್ದು ಜೂನ್ 23ಕ್ಕೆ. 24ನೇ ತಾರೀಖು ಹಳೆ ಸ್ಟೇಟ್‌ಮೆಂಟ್ ಹಿಡ್ಕೊಂಡು ಹೋಗಿ ಅದರಲ್ಲಿದ್ದ ₹6,44,309 ಆರ್‌ಟಿಜಿಎಸ್ ಮಾಡಿದ್ರು. ಕೌಂಟರ್‌ನಲ್ಲಿ ಯಾರೂ ತಾರೀಖು ನೋಡಲಿಲ್ಲ. "ಆಯ್ತು ಸರ್, ಮುಗೀತು" ಅಂದ್ರು. ಮನೆಯಲ್ಲಿ ಪೇಢೆ ಹಂಚಿದ್ರು. ಆದ್ರೆ ಸ್ಟೇಟ್‌ಮೆಂಟ್ ಇದ್ದದ್ದು 20ರವರೆಗೆ. ನಾಲ್ಕು ದಿನದ ಬಡ್ಡಿ, ₹616 ಕಮ್ಮಿ ಬಿದ್ದಿತ್ತು. ಒಂದು ವಾರ ಬಿಟ್ಟು ಎನ್‌ಒಸಿ ಕೇಳಲು ಹೋದಾಗ "ಲೋನ್ ಇನ್ನಾ ಓಪನ್ ಅದ ಸರ್" ಅಂದ್ರು.

ಆರೂವರೆ ಲಕ್ಷದ ಎದುರು ₹616 ಏನೂ ಅಲ್ಲ. ಆದ್ರೆ ಸಿಸ್ಟಮ್‌ಗೆ ಸೊನ್ನೆ ಅಂದ್ರೆ ಸೊನ್ನೆ. ಆ ₹616 ಇರೋವರೆಗೆ ಖಾತೆ ಆ್ಯಕ್ಟಿವ್, ಜುಲೈ 5ಕ್ಕೆ ಇಎಂಐ ಮತ್ತೆ ಬರ್ತದೆ, ಅಕೌಂಟಿನಲ್ಲಿ ದುಡ್ಡಿಲ್ಲದಿದ್ರೆ ಬೌನ್ಸ್ ಚಾರ್ಜ್. ಎಲ್ಲಕ್ಕಿಂತ ಮುಖ್ಯ, ಪತ್ರ ವಾಪಸ್ ಕೊಡೋ ಗಡುವಿನ ಎಣಿಕೆ ಶುರುವೇ ಆಗಿರೋದಿಲ್ಲ. ಜುಲೈ 1ಕ್ಕೆ ಉಳಿದದ್ದನ್ನ ಕಟ್ಟಿ, ಅಕೌಂಟ್ ಕ್ಲೋಸ್ಡ್ ಅಂತ ತೋರಿಸೋ, ಬಾಕಿ ಸೊನ್ನೆ ಇರೋ ಲೋನ್ ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡ್ರು. ಈ ಪ್ರಿಂಟೇ ನಿಜವಾದ ಪುರಾವೆ. ಕೌಂಟರ್‌ನ "ಆಯ್ತು ಸರ್" ಅಲ್ಲ. ಕಟ್ಟೋದು ಒಂದೆರಡು ದಿನ ತಡ ಆಗೋ ಸಾಧ್ಯತೆ ಇದ್ರೆ ಹೊಸ ಸ್ಟೇಟ್‌ಮೆಂಟ್ ತಗೊಳ್ಳಬೇಕು, ಇಲ್ಲಾ ದಿನದ ಬಡ್ಡಿ ಸೇರಿಸಿ ಎಷ್ಟಾಗ್ತದೆ ಅಂತ ಬರೆಸಿಕೊಳ್ಳಬೇಕು. ಚೆಕ್ ಕೊಟ್ಟರೆ ಕೊಟ್ಟ ದಿನ ಲೆಕ್ಕಕ್ಕೆ ಬರೋದಿಲ್ಲ, ಅದು ಪಾಸಾದ ದಿನ ಬರ್ತದೆ. ಆರ್‌ಟಿಜಿಎಸ್ ಆದ್ರೆ ಯುಟಿಆರ್ ನಂಬರ್ ಸಿಗ್ತದೆ, ಅದನ್ನ ಬರೆದಿಟ್ಟುಕೊಳ್ಳಿ.

ಈಗ ಗಡುವಿನ ವಿಷಯ. ಇದು ಗೊತ್ತಿರೋದ್ರಿಂದಲೇ ಕೌಂಟರ್‌ನಲ್ಲಿ ಮಾತಿನ ಧಾಟಿ ಬದಲಾಗ್ತದೆ. ಆರ್‌ಬಿಐ 2023ರ ಸೆಪ್ಟೆಂಬರ್ 13ರಂದು ಒಂದು ಸುತ್ತೋಲೆ ಹೊರಡಿಸಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲ ಮೂಲ ದಾಖಲೆ ವಾಪಸ್ ಕೊಡಬೇಕು, ಯಾವುದೇ ರಿಜಿಸ್ಟ್ರಿಯಲ್ಲಿ ದಾಖಲಾದ ಚಾರ್ಜ್ ತೆಗೆಸಬೇಕು. ತಪ್ಪು ಸಾಲ ಕೊಟ್ಟವರದ್ದೇ ಆಗಿದ್ರೆ ತಡವಾದ ಪ್ರತಿ ದಿನಕ್ಕೆ ₹5,000 ಪರಿಹಾರ ಸಾಲಗಾರನಿಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸರ್ಕಾರಿ, ಖಾಸಗಿ ಬ್ಯಾಂಕುಗಳಷ್ಟೇ ಅಲ್ಲ, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ ಎಲ್ಲಕ್ಕೂ ಅನ್ವಯ ಆಗ್ತದೆ. ಪತ್ರಗಳನ್ನ ನಮ್ಮ ಲೋನ್ ಇದ್ದ ಬ್ರ್ಯಾಂಚ್‌ನಲ್ಲಿ ತಗೊಳ್ಳಬೇಕೋ, ಅವು ಇರೋ ಬೇರೆ ಆಫೀಸಿನಲ್ಲಿ ತಗೊಳ್ಳಬೇಕೋ ಅನ್ನೋ ಆಯ್ಕೆ ಕೂಡ ನಮ್ಮದೇ. "ಹೈದರಾಬಾದ್‌ಗೆ ಹೋಗಿ ತಗೊಳ್ರಿ" ಅಂತ ಅವರು ತೀರ್ಮಾನ ಮಾಡೋ ಹಾಗಿಲ್ಲ. ಸಾಲ ತಗೊಂಡವರು ತೀರಿಕೊಂಡಿದ್ರೆ ವಾರಸುದಾರರಿಗೆ ಹೇಗೆ ಕೊಡ್ತೇವೆ ಅನ್ನೋ ಕ್ರಮವನ್ನೂ ಅವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿರಬೇಕು.

ಗೆಳೆಯನ ಮನೆಯ ಲೆಕ್ಕಕ್ಕೆ ಜುಲೈ 1ರಿಂದ 30 ದಿನ ಅಂದ್ರೆ ಜುಲೈ 31. ಪತ್ರಗಳು ಆಗಸ್ಟ್ 12ಕ್ಕೆ ಬಂದಿದ್ರೆ 12 ದಿನಕ್ಕೆ ₹60,000 ಆಗ್ತಿತ್ತು. ಅವರಿಗೆ ಜುಲೈ 28ಕ್ಕೇ ಬಂದವು, ಆ ಮಾತು ಬರಲಿಲ್ಲ. ತಡ ಆದ್ರೆ ಯಾಕೆ ಅಂತ ಬ್ಯಾಂಕೇ ತಿಳಿಸಬೇಕು ಅಂತಲೂ ಸುತ್ತೋಲೆಯಲ್ಲಿದೆ, ಹಾಗಾಗಿ ಕಾರಣವನ್ನ ಬರಹದಲ್ಲಿ ಕೇಳೋದು ನಮ್ಮ ಹಕ್ಕು. ಅವರ ಕೈಯಲ್ಲಿ ಪತ್ರ ಕಳೆದುಹೋಗಿದ್ರೆ ನಕಲು ಅಥವಾ ದೃಢೀಕೃತ ಪ್ರತಿ ಮಾಡಿಸಲು ಸಹಾಯ ಮಾಡಿ, ಖರ್ಚು ಅವರೇ ಹಾಕಿಕೊಳ್ಳಬೇಕು. ಆದ್ರೆ ಆ ಕೆಲಸಕ್ಕೆ ಇನ್ನೂ 30 ದಿನ ಹೆಚ್ಚಿಗೆ ಸಿಗ್ತದೆ, ದಂಡದ ಲೆಕ್ಕ 60 ದಿನದ ಮೇಲೆ ಶುರು.

ಒರಿಜಿನಲ್ ಪತ್ರಕ್ಕೆ ಯಾಕಿಷ್ಟು ಬೆಲೆ? ಸೇಲ್ ಡೀಡ್‌ನ ದೃಢೀಕೃತ ಪ್ರತಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗ್ತದಲ್ಲ? ಸಿಗ್ತದೆ. ಆದ್ರೆ ನಮ್ಮಲ್ಲಿ ಹೆಚ್ಚಿನ ಗೃಹಸಾಲ ನಿಂತಿರೋದೇ ಪತ್ರವನ್ನ ಬ್ಯಾಂಕಿನ ಕೈಗೆ ಒಪ್ಪಿಸೋದರ ಮೇಲೆ. ಪತ್ರ ಯಾರ ಕೈಯಲ್ಲಿದೆಯೋ ಅವರ ಸಾಲ ಬಾಕಿ ಇರಬಹುದು ಅಂತ ಎಲ್ಲರೂ ಊಹಿಸ್ತಾರೆ. ಒರಿಜಿನಲ್ ಇಲ್ಲದ ಮನೆಯನ್ನ ಕೊಳ್ಳೋಕೆ ಬಂದವರು, ಅದರ ಮೇಲೆ ಲೋನ್ ಕೊಡೋಕೆ ಬಂದ ಬ್ಯಾಂಕು, ಇಬ್ಬರೂ ಮೊದಲು ಕೇಳೋದು "ಹಾಗಾದ್ರೆ ಅದು ಎಲ್ಲಿ ಇಟ್ಟೀರಿ?" ಅಂತ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಚೇರಿ ಭಾಷೆ ಉರ್ದು. ಅದಕ್ಕೇ ಹಳೆ ಮನೆತನಗಳ ಜಾಗದ ಮೂಲ ಕಾಗದ ಉರ್ದುವಿನಲ್ಲಿರೋದು ಇಲ್ಲಿ ಹೊಸದಲ್ಲ. ಗೆಳೆಯನ ಅಜ್ಜನ ಕಾಲದ ಅಂಥ ಒಂದು ಹಾಳೆ ಬ್ಯಾಂಕಿಗೆ ಹೋಗಿತ್ತು. ಜುಲೈ 28ರಂದು ಕವರ್ ಬಿಚ್ಚಿ ಹಳೆ ಪಟ್ಟಿಯ ಜೊತೆ ಒಂದೊಂದೇ ತಾಳೆ ನೋಡಿದಾಗ ಒಂಬತ್ತರಲ್ಲಿ ಎಂಟೇ ಇದ್ದವು. ಉರ್ದು ಹಾಳೆಯ ಇಂಗ್ಲಿಷ್ ಅನುವಾದ ಇತ್ತು, ಮೂಲ ಇರಲಿಲ್ಲ. ಅನುವಾದ ಸಿಕ್ಕಿದೆ ಅಂತ ಅದನ್ನೇ ಟಿಕ್ ಮಾಡಿ "ಎಲ್ಲ ಮುಟ್ಟಿದೆ" ಅಂತ ಸಹಿ ಹಾಕಿಬಿಟ್ಟಿದ್ರೆ ಆಮೇಲೆ ಯಾರನ್ನ ಕೇಳೋದು? ತಂದೆಯವರು ರಸೀದಿಯ ಮೇಲೆ "ಕ್ರಮ ಸಂಖ್ಯೆ 4 ಮುಟ್ಟಿಲ್ಲ" ಅಂತ ಬರೆದೇ ಸಹಿ ಹಾಕಿದ್ರು. ಸ್ಟೋರೇಜ್‌ನಲ್ಲಿ ಮತ್ತೆ ಹುಡುಕಿಸಿದಾಗ ವಕೀಲರ ವರದಿಯ ಹಾಳೆಗಳ ಮಧ್ಯೆ ಅದು ಸಿಕ್ಕಿತು.

ಪತ್ರಗಳ ಜೊತೆ ಬರೋದು ಎನ್‌ಒಸಿ. ಕೆಲವು ಕಡೆ ಬಾಕಿ ಇಲ್ಲ ಅನ್ನೋ ಪತ್ರ ಒಂದು, ಆಸ್ತಿಯ ಮೇಲೆ ಹಕ್ಕು ಉಳಿದಿಲ್ಲ ಅನ್ನೋ ಪತ್ರ ಒಂದು, ಹೀಗೆ ಎರಡು ಕೊಡ್ತಾರೆ. ಕೆಲವು ಕಡೆ ಒಂದರಲ್ಲೇ ಎರಡೂ ಇರ್ತದೆ. ಬರೀ "ಲೋನ್ ಕ್ಲೋಸ್ ಆಗಿದೆ" ಅಂತಿದ್ರೆ ಅದು ಅರ್ಧ. ಲೋನ್ ನಂಬರ್, ಮುಚ್ಚಿದ ತಾರೀಖು, ಆಸ್ತಿಯ ವಿವರ, ಅದರ ಮೇಲೆ ನಮ್ಮ ಯಾವ ಹಕ್ಕೂ ಇಲ್ಲ ಅನ್ನೋ ಮಾತು, ಸಹಿ, ಸೀಲು ಇಷ್ಟೂ ಬೇಕು. ಹೆಸರಿನ ಸ್ಪೆಲಿಂಗ್ ಸೇಲ್ ಡೀಡ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಔರಾದ್‌ನವರು ಊರ ಹೆಸರನ್ನೂ ನೋಡಬೇಕು. ಹಳೆ ದಾಖಲೆಯಲ್ಲಿ "ಔರಾದ (ಬಿ)" ಅಂತಿದ್ದು ಎನ್‌ಒಸಿಯಲ್ಲಿ ಬೇರೆ ಥರ ಬಂದ್ರೆ ಆಮೇಲೆ ಪ್ರಶ್ನೆ ಬರ್ತದೆ. ಕೈಗೆ ಸಿಕ್ಕ ಕ್ಷಣವೇ ಅಲ್ಲೇ ನಿಂತು ಓದಿದ್ರೆ ತಿದ್ದಿಸೋದು ಸುಲಭ. ಲೋನ್ ಕೊಡುವಾಗ ಸೆಕ್ಯುರಿಟಿಗೆ ಅಂತ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳಿದ್ರೆ ಅವನ್ನೂ ಕೇಳಿ ತಗೊಳ್ಳಬೇಕು.

ಎನ್‌ಒಸಿ ಸಿಕ್ಕಿತು, ಪತ್ರ ಸಿಕ್ಕಿತು, ಇನ್ನು ಮುಗೀತು ಅಂತ ಬಹಳ ಜನ ಇಲ್ಲೇ ನಿಲ್ಲಿಸ್ತಾರೆ. ಅಕ್ಕನ ಎಜುಕೇಶನ್ ಲೋನ್ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತು. ಹೊಸ ಬ್ಯಾಂಕಿನವರು ಇಸಿ ಕೇಳಿದ್ರು. ಕಾವೇರಿ ಪೋರ್ಟಲ್‌ನಿಂದ ತೆಗೆಸಿದ ಇಸಿಯಲ್ಲಿ, ಅಂದ್ರೆ ಋಣಭಾರ ಪ್ರಮಾಣಪತ್ರದಲ್ಲಿ, ಹಳೆ ಬ್ಯಾಂಕಿನ ಹೆಸರು ಇನ್ನೂ ಇತ್ತು.

ಕಾರಣ ಇದು. ಲೋನ್ ಕೊಡುವಾಗ ಪತ್ರ ಒಪ್ಪಿಸಿದ್ದನ್ನ ಒಂದು ಮೆಮೊರಾಂಡಮ್ ಮಾಡಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿರ್ತಾರೆ. ಬ್ಯಾಂಕಿನವರು ಅದನ್ನ ಎಂಒಡಿಟಿ ಅಂತಾರೆ. ಹಾಗೆ ರಿಜಿಸ್ಟರ್ ಆದದ್ದು ಬ್ಯಾಂಕ್ ಕೊಟ್ಟ ಒಂದು ಲೆಟರ್‌ನಿಂದ ತಾನಾಗೇ ಹೋಗೋದಿಲ್ಲ. ಬ್ಯಾಂಕಿನ ಅಧಿಕೃತ ಅಧಿಕಾರಿ ಅದೇ ಆಸ್ತಿಗೆ ಡಿಸ್ಚಾರ್ಜ್ ಡೀಡ್ ಬರೆದು ರಿಜಿಸ್ಟರ್ ಮಾಡಿಕೊಡಬೇಕು. ಅದಕ್ಕೇ ಎನ್‌ಒಸಿ ಕೇಳುವಾಗಲೇ "ಡಿಸ್ಚಾರ್ಜ್ ರಿಜಿಸ್ಟ್ರೇಶನ್‌ಗೆ ಯಾರು ಬರ್ತೀರಿ, ಯಾವತ್ತು?" ಅಂತ ತಾರೀಖು ಗೊತ್ತು ಮಾಡಿಕೊಂಡ್ರೆ ಓಡಾಟ ಉಳೀತದೆ. ಬೀದರ್ ಬ್ರ್ಯಾಂಚಿನ ಆಫೀಸರ್ ಭಾಲ್ಕಿಗೆ ಬರಬೇಕು ಅಂದ್ರೆ ಅವರ ಕೆಲಸದ ನಡುವೆ ಒಂದು ದಿನ ಸಿಗಬೇಕಲ್ಲ. ಆದ್ರೆ ಆ 30 ದಿನದ ನಿಯಮದಲ್ಲಿ ಚಾರ್ಜ್ ತೆಗೆಸೋದೂ ಸೇರಿದೆ ಅನ್ನೋದನ್ನ ವಿನಯದಿಂದಲೇ ನೆನಪಿಸಬಹುದು. ಗೆಳೆಯ ಸುತ್ತೋಲೆಯ ಪ್ರಿಂಟ್ ತೋರಿಸಿದ, ಮುಂದಿನ ವಾರಕ್ಕೆ ದಿನ ಸಿಕ್ಕಿತು.

ಡಿಸ್ಚಾರ್ಜ್ ಆದ ಮೇಲೆ ಹೊಸ ಇಸಿ ತೆಗೆದು ನೋಡಿದಾಗ ಮನೆಯವರಿಗೆ ಮತ್ತೆ ಗಾಬರಿ, "ಹಳೇದು ಇನ್ನಾ ಅದಲ್ಲ!" ಇರ್ತದೆ. ಇಸಿಯಲ್ಲಿ ಯಾವ ಎಂಟ್ರಿಯೂ ಅಳಿಸಿ ಹೋಗೋದಿಲ್ಲ. ನಮ್ಮ ಗಿಟ್ ಲಾಗ್ ಥರ, ಹಳೆ ಕಮಿಟ್ ಹಾಗೇ ಇರ್ತದೆ, ಅದನ್ನ ರದ್ದು ಮಾಡಿದ್ದು ಹೊಸ ಕಮಿಟ್ ಆಗಿ ಕೂರ್ತದೆ. ಪತ್ರ ಒಪ್ಪಿಸಿದ ಎಂಟ್ರಿ ಒಂದು, ಬಿಡುಗಡೆಯ ಎಂಟ್ರಿ ಇನ್ನೊಂದು, ಎರಡೂ ಕಂಡ್ರೆ ಎಲ್ಲ ಸರಿ ಇದೆ ಅಂತ. ಮೊದಲನೇದು ಒಂದೇ ಇದ್ರೆ ಕೆಲಸ ಬಾಕಿ ಇದೆ. ಲೋನ್ ಕಾಲದಲ್ಲಿ ಏನೂ ರಿಜಿಸ್ಟರ್ ಮಾಡಿಸದೇ ಬರೀ ಪತ್ರ ಇಟ್ಟುಕೊಂಡಿದ್ರೆ ಇಸಿಯಲ್ಲಿ ಅಡವಿನ ಎಂಟ್ರಿಯೇ ಇರೋದಿಲ್ಲ, ಆಗ ಈ ಡೀಡಿನ ಪ್ರಶ್ನೆ ಬರೋದಿಲ್ಲ.

ಇನ್ನೊಂದು ಜಾಗ ಸೆರ್ಸಾಯಿ. ಆಸ್ತಿಗಳ ಮೇಲೆ ಯಾವ ಬ್ಯಾಂಕಿನ ಹಕ್ಕಿದೆ ಅಂತ ದೇಶಕ್ಕೆಲ್ಲ ಒಂದೇ ಕಡೆ ದಾಖಲಿಸೋ ಕೇಂದ್ರ ರಿಜಿಸ್ಟ್ರಿ ಇದು. ಒಂದೇ ಮನೆಯನ್ನ ಎರಡು ಬ್ಯಾಂಕಿಗೆ ಅಡವಿಡೋ ಮೋಸ ತಡೆಯೋಕೆ ಬಂದದ್ದು. ಇಲ್ಲಿ ಚಾರ್ಜ್ ತೆಗೆಸೋದು ಬ್ಯಾಂಕಿನದೇ ಕೆಲಸ, ಆಫೀಸಿನಲ್ಲಿ ಕೂತೇ ಆನ್‌ಲೈನ್‌ನಲ್ಲಿ ಮಾಡ್ತಾರೆ, ಹಾಗಾಗಿ ಸುಲಭವಾಗಿ ಮರೆತೂ ಬಿಡ್ತಾರೆ. ನಾವು ಸಣ್ಣ ಶುಲ್ಕ ಕಟ್ಟಿ cersai.org.in ನಲ್ಲಿ ಆಸ್ತಿಯ ವಿವರ ಹಾಕಿ ಹುಡುಕಬಹುದು.

ಕೊನೆಗೆ ಕ್ರೆಡಿಟ್ ರಿಪೋರ್ಟ್. ಒಂದೆರಡು ತಿಂಗಳು ಬಿಟ್ಟು ತೆಗೆದು ನೋಡಿದ್ರೆ ಸಾಕು. ಪ್ರತಿ ಕ್ರೆಡಿಟ್ ಕಂಪನಿಯಿಂದ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ಆ ಲೋನಿನ ಎದುರು ಕ್ಲೋಸ್ಡ್ ಅಂತಿರಬೇಕು. ಸೆಟಲ್ಡ್ ಅಂತ ಬಂದಿದ್ರೆ ಸುಮ್ಮನಿರಬೇಡಿ, ಅದು ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರಿಗೆ ಹಾಕೋ ಶಬ್ದ. ಪೂರ್ತಿ ಕಟ್ಟಿದವರಿಗೆ ಅದು ಬಿದ್ರೆ ಮುಂದಿನ ಲೋನಿಗೆ ಅಡ್ಡ ಬರ್ತದೆ. ತಿದ್ದಲು ದೂರು ಕೊಟ್ಟ ಮೇಲೆ 30 ದಿನದಲ್ಲಿ ಸರಿ ಮಾಡದಿದ್ರೆ ದಿನಕ್ಕೆ ₹100 ಪರಿಹಾರದ ನಿಯಮ ಇದೆ.

ಬ್ಯಾಂಕ್ ಯಾವುದಕ್ಕೂ ಉತ್ತರ ಕೊಡದಿದ್ರೆ ಮೊದಲು ಅವರಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ರೆ cms.rbi.org.in ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಸೀಲು ಹಾಕಿಸಿಕೊಂಡ ಪತ್ರದ ಪ್ರತಿ, ಸೊನ್ನೆ ಬಾಕಿಯ ಪ್ರಿಂಟು, ಯುಟಿಆರ್ ನಂಬರ್ ಈ ಮೂರೂ ಅಲ್ಲಿ ಅಪ್‌ಲೋಡ್ ಮಾಡಲು ಬೇಕಾಗ್ತವೆ.

ಗೆಳೆಯನ ಮನೆಯ ಡಿಸ್ಚಾರ್ಜ್ ರಿಜಿಸ್ಟರ್ ಆದದ್ದು ಆಗಸ್ಟ್ ಮೊದಲ ವಾರ. ಹೊಸ ಇಸಿಯಲ್ಲಿ ಎರಡೂ ಎಂಟ್ರಿ ಕಂಡ ಮೇಲೆ ಹೊಸ ಬ್ಯಾಂಕಿನ ವಕೀಲರು ಫೈಲ್ ಮುಂದಕ್ಕೆ ಕಳಿಸಿದ್ರು. ಉರ್ದು ಹಾಳೆಯನ್ನ ಈ ಸಲ ಪಟ್ಟಿಯಲ್ಲಿ "ಮೂಲ" ಮತ್ತು "ಅನುವಾದ" ಅಂತ ಎರಡು ಬೇರೆ ಸಾಲಾಗಿ ಬರೆಸಿದ್ದಾರೆ.